ತೊಂಬತ್ತು ನಿಮಿಷದ ಕಾರ್ಯಾಗಾರ: ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಗುಂಪು ಚಟುವಟಿಕೆ ಇರುವ ಕಾರ್ಯಾಗಾರ ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ. ನಾನು ಮೊದಲ ಸಲ ಕ್ಲಸ್ಟರ್ ಮಟ್ಟದ ಶಿಕ್ಷಕರ ಸಭೆ ನಡೆಸಿದಾಗ ನಾಲ್ಕು ಗುಂಪು ವರದಿ ಹೇಳುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಐದನೇ ಗುಂಪಿನ ಮೇಡಂ ಮಾತಾಡುವಾಗ ಅರ್ಧ ಜನ ಬ್ಯಾಗ್ ಎತ್ತಿಕೊಂಡಿದ್ದರು. ಅವರು ಬರೆದ ಚಾರ್ಟನ್ನು ಯಾರೂ ಓದಲಿಲ್ಲ. ಅಂದಿನಿಂದ ನಾನು ಸಮಯದ ಲೆಕ್ಕವನ್ನು ವರದಿಯಿಂದ ಶುರು ಮಾಡುತ್ತೇನೆ.

24 ಶಿಕ್ಷಕರು ಬರುತ್ತಾರೆ, ನಿಮ್ಮ ಕೈಯಲ್ಲಿ 90 ನಿಮಿಷ ಇದೆ ಅಂದುಕೊಳ್ಳಿ. ವಿಷಯ, ಮಕ್ಕಳು ಗಣಿತದಲ್ಲಿ ಮಾಡುವ ತಪ್ಪುಗಳು. ನಾಲ್ವರಂತೆ ಆರು ಗುಂಪು ಮಾಡಿ. ಆರೇಳು ಜನ ಕೂತರೆ ಇಬ್ಬರು ಸುಮ್ನೆ ಉಳಿದುಬಿಡುತ್ತಾರೆ. ಒಂದೊಂದು ಗುಂಪಿನ ವರದಿಗೆ 2 ನಿಮಿಷ, ಎದ್ದು ಬಂದು ಚಾರ್ಟ್ ಅಂಟಿಸಲು 1 ನಿಮಿಷ. ಅಲ್ಲಿಗೆ 18 ನಿಮಿಷ ಹೋಯಿತು. ವರದಿಯ ನಂತರದ ಚರ್ಚೆಗೆ 20, ಗುಂಪಿನ ಕೆಲಸಕ್ಕೆ 25, ಅದಕ್ಕೂ ಮೊದಲು ಒಬ್ಬೊಬ್ಬರೇ ಓದಿಕೊಳ್ಳಲು 5, ಗುಂಪು ಮಾಡಲು 5, ಪರಿಚಯಕ್ಕೆ 10. ಒಟ್ಟು 83. ಉಳಿದ 7 ನಿಮಿಷವನ್ನು ಯಾವುದಕ್ಕೂ ಕೊಡಬೇಡಿ, ಅದು ತಡವಾದಾಗ ಬೇಕಾಗುತ್ತದೆ.

ಗುಂಪು ಮಾಡಲು ಕೂತ ಸಾಲಿನಲ್ಲೇ ಒಂದರಿಂದ ಆರರವರೆಗೆ ಎಣಿಸಲು ಹೇಳಿ. ಒಂದೇ ಶಾಲೆಯವರು ಅಕ್ಕಪಕ್ಕ ಕೂತಿರುತ್ತಾರೆ ಅಲ್ವಾ, ಎಣಿಸಿದರೆ ತಾವಾಗಿಯೇ ಬೇರೆಯಾಗುತ್ತಾರೆ. ಎಲ್ಲರೂ ಜಾಗ ಬದಲಿಸಿ ಕೂರುವವರೆಗೆ ಕೆಲಸ ಏನೆಂದು ಹೇಳಬೇಡಿ. ಕುರ್ಚಿ ಎಳೆಯುವ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ವರದಿ ಯಾರು ಹೇಳುತ್ತಾರೆ ಎಂಬುದು ಮಾತ್ರ ಆಗಲೇ ತೀರ್ಮಾನವಾಗಲಿ. ‘ಯಾರ ಶಾಲೆ ಇಲ್ಲಿಂದ ಅತಿ ದೂರವೋ ಅವರು’ ಎಂದರೆ ಸಾಕು. ಕೊನೆಗೆ ಬಿಟ್ಟರೆ ‘ನೀವೇ ಹೇಳಿ ಸರ್’ ಎನ್ನುವುದರಲ್ಲೇ ಎರಡು ನಿಮಿಷ ಕಳೆಯುತ್ತದೆ.

ಇಡೀ ಕಾರ್ಯಾಗಾರ ನಿಂತಿರುವುದು ನೀವು ಕೊಡುವ ಚೀಟಿಯ ಮೇಲೆ. ‘ಮಕ್ಕಳ ತಪ್ಪುಗಳ ಬಗ್ಗೆ ಚರ್ಚಿಸಿ’ ಎಂದು ಬರೆದರೆ ಆರೂ ಗುಂಪು ಒಂದೇ ಮಾತು ಹೇಳುತ್ತವೆ: ಪೋಷಕರು ಗಮನ ಕೊಡುವುದಿಲ್ಲ, ಮಕ್ಕಳು ಶಾಲೆ ತಪ್ಪಿಸುತ್ತಾರೆ. ಅದರ ಬದಲು ಮಗುವಿನ ನೋಟ್‌ಬುಕ್ಕಿನ ಒಂದು ಪುಟವನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿ ಕೊಡಿ. ಕೆಳಗೆ ಎರಡೇ ಪ್ರಶ್ನೆ ಇರಲಿ. ಈ ಮಗು ಏನು ಯೋಚಿಸಿ ಹೀಗೆ ಬರೆದಿರಬಹುದು? ನಿಮ್ಮ ಊಹೆ ಸರಿಯೇ ಎಂದು ನೋಡಲು ಮಗುವಿಗೆ ಇನ್ನೊಂದು ಯಾವ ಲೆಕ್ಕ ಕೊಡುತ್ತೀರಿ?

ಒಂದು ಪುಟದಲ್ಲಿ 52 − 27 = 35 ಎಂದಿದೆ ಎನ್ನಿ. ಗುಂಪು ಮೊದಲು ಬರೆಯುವುದು ‘ದಶಕ ತೆಗೆದುಕೊಳ್ಳಲು ಬರುವುದಿಲ್ಲ’ ಎಂದು. ಅದು ಮಗುವಿಗೆ ಏನು ಬರುವುದಿಲ್ಲ ಎಂದಷ್ಟೇ ಹೇಳಿತು. ಮಗು ಮಾಡಿದ್ದೇನು? ಮೇಲೆ ಯಾವುದು, ಕೆಳಗೆ ಯಾವುದು ಎಂದು ನೋಡದೆ ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆದಿದೆ. ಏಳರಲ್ಲಿ ಎರಡು ಹೋದರೆ ಐದು. ಇದನ್ನು ಪರೀಕ್ಷಿಸಲು 63 − 21 ಕೊಟ್ಟರೆ ಉಪಯೋಗವಿಲ್ಲ, ಅಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. 40 − 16 ಕೊಡಬೇಕು. ಮಗು 36 ಎಂದು ಬರೆದರೆ ಊಹೆಗೆ ಬಲ ಬಂತು. ಈ ಎರಡನೇ ಲೆಕ್ಕ ಹುಡುಕುವಾಗಲೇ ಶಿಕ್ಷಕರ ನಡುವೆ ನಿಜವಾದ ವಾದ ಶುರುವಾಗುತ್ತದೆ. 25 ನಿಮಿಷ ಇಟ್ಟಿರುವುದು ಅದಕ್ಕಾಗಿಯೇ.

ಇನ್ನೆರಡು ಪುಟಗಳಲ್ಲಿ 1/2 + 1/3 = 2/5 ಮತ್ತು ‘1/3ಕ್ಕಿಂತ 1/4 ದೊಡ್ಡದು’ ಇರಲಿ. ಒಂದೊಂದು ಪುಟ ಎರಡೆರಡು ಗುಂಪಿಗೆ.

ಎಂಟನೇ ನಿಮಿಷಕ್ಕೆ ಒಂದು ಸುತ್ತು ಹಾಕಿ. ಚಾರ್ಟ್ ಖಾಲಿ ಇದ್ದರೆ ಮಾತು ಬೇರೆಲ್ಲೋ ಹೋಗಿದೆ ಎಂದರ್ಥ. ಭಾಷಣ ಬೇಡ. ಪುಟದ ಮೇಲೆ ಬೆರಳಿಟ್ಟು ‘ಈ 5 ಎಲ್ಲಿಂದ ಬಂತು ಮೇಡಂ?’ ಎಂದು ಕೇಳಿ ಮುಂದೆ ಹೋಗಿ. ಐದು ನಿಮಿಷ ಉಳಿದಾಗ ಬೋರ್ಡ್ ಮೇಲೆ ‘5’ ಎಂದು ದೊಡ್ಡದಾಗಿ ಬರೆಯಿರಿ.

ವರದಿ ಮೂರೇ ಸಾಲಿನದು: ಮಗುವಿನ ಯೋಚನೆ, ಕೊಡುವ ಲೆಕ್ಕ, ಗುಂಪಿನಲ್ಲಿ ಒಪ್ಪಿಗೆ ಆಗದ ಒಂದು ಮಾತು. ಅದೇ ಪುಟ ಸಿಕ್ಕಿದ ಎರಡನೇ ಗುಂಪು ಮೊದಲಿನವರು ಹೇಳದ್ದನ್ನು ಮಾತ್ರ ಹೇಳಲಿ. ಮಧ್ಯೆ ಯಾರೂ ಪ್ರಶ್ನೆ ಕೇಳಬಾರದು, ನೀವೂ ಕೇಳಬಾರದು. ಒಪ್ಪಿಗೆ ಆಗದ ಮಾತುಗಳನ್ನು ಬೋರ್ಡಿಗೆ ಬರೆದುಕೊಳ್ಳುತ್ತಾ ಹೋಗಿ. ಕೊನೆಯ 20 ನಿಮಿಷದ ಚರ್ಚೆ ಅವುಗಳ ಮೇಲೆಯೇ.

ಸಭೆ 15 ನಿಮಿಷ ತಡವಾಗಿ ಶುರುವಾದರೆ? ಕೈಯಲ್ಲಿಟ್ಟ 7 ನಿಮಿಷ ಬಳಸಿ, ಪರಿಚಯವನ್ನು 2 ನಿಮಿಷಕ್ಕೆ ಇಳಿಸಿ. ಲೆಕ್ಕ ಸರಿಹೋಗುತ್ತದೆ, ಆರನೇ ಗುಂಪಿಗೂ ಅದರ ಎರಡು ನಿಮಿಷ ಸಿಗುತ್ತದೆ.