ವಾಟ್ಸ್ಯಾಪ್ ಗ್ರೂಪಿನ ಲಿಂಕ್ ಹೊರಗೆ ಹೋಗಿದೆಯಾ? ಮೊದಲು ಬಾಗಿಲು ಹಾಕಿ, ಆಮೇಲೆ ಗುಡಿಸಿ

ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ನೀವೇ ಅಡ್ಮಿನ್ ಅಂದುಕೊಳ್ಳಿ. 60 ಮನೆ, ಗ್ರೂಪಿನಲ್ಲಿ 90 ಜನ. ಹೊಸ ಬಾಡಿಗೆದಾರರಿಗೆ ಅನುಕೂಲವಾಗಲಿ ಅಂತ ಯಾರೋ ಗ್ರೂಪಿನ ಲಿಂಕನ್ನು ಬಡಾವಣೆಯ ಫೇಸ್‌ಬುಕ್ ಪುಟಕ್ಕೆ ಹಾಕಿದ್ದಾರೆ. ಒಂದು ಬೆಳಿಗ್ಗೆ ನೋಡಿದರೆ ನೀರಿನ ಟ್ಯಾಂಕರ್ ಮೆಸೇಜಿನ ಕೆಳಗೆ ‘ಷೇರಿನಲ್ಲಿ ದಿನಕ್ಕೆ ದುಪ್ಪಟ್ಟು ಲಾಭ’ ಅನ್ನುವ ಜಾಹೀರಾತು. ಸ್ವಲ್ಪ ಮೇಲಕ್ಕೆ ಹೋದರೆ, ಯಾರೂ ಗುರುತಿಸದ ಮೂರು ನಂಬರ್‌ಗಳು ಲಿಂಕ್ ಮೂಲಕ ಗ್ರೂಪ್ ಸೇರಿದ ಸೂಚನೆ.

ಇಂಥ ಹೊತ್ತಿನಲ್ಲಿ ಹೆಚ್ಚಿನ ಅಡ್ಮಿನ್‌ಗಳು ಮೊದಲು ಆ ಮೂವರನ್ನು ತೆಗೆದುಹಾಕುತ್ತಾರೆ. ಆದರೆ ಅದು ಕೊನೆಗೆ ಮಾಡುವ ಕೆಲಸ. chat.whatsapp.com ಅಂತ ಶುರುವಾಗುವ ಆ ಲಿಂಕಿಗೆ ತಾನಾಗಿ ಮುಗಿಯುವ ಅವಧಿ ಇಲ್ಲ. ಒಬ್ಬ ಅಡ್ಮಿನ್ ರೀಸೆಟ್ ಮಾಡುವವರೆಗೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ತೆಗೆದುಹಾಕಿದವರು ಇನ್ನೊಂದು ನಂಬರ್‌ನಿಂದ ಅದೇ ಲಿಂಕ್ ಒತ್ತಿ ವಾಪಸ್ ಬರಬಹುದು.

ಹಾಗಾಗಿ ಮೊದಲು ಒಪ್ಪಿಗೆಯ ವ್ಯವಸ್ಥೆ ಹಾಕಿ. ಗ್ರೂಪ್ ತೆರೆದು ಮೇಲಿರುವ ಹೆಸರನ್ನು ಒತ್ತಿ, Group permissions ಗೆ ಹೋಗಿ. ಅಲ್ಲಿ ಹೊಸಬರಿಗೆ ಒಪ್ಪಿಗೆ ಕೊಡುವ ಆಯ್ಕೆ ಇದೆ, Approve new members ಅಂತ. ಅದನ್ನು ಆನ್ ಮಾಡಿ. ಇನ್ನು ಮುಂದೆ ಲಿಂಕ್ ಒತ್ತಿದವರು ನೇರವಾಗಿ ಒಳಗೆ ಬರುವುದಿಲ್ಲ, ಅವರ ಮನವಿ ಮಾತ್ರ ನಿಮಗೆ ಬರುತ್ತದೆ. ಒಪ್ಪುವವರೆಗೂ ಅವರಿಗೆ ಗ್ರೂಪಿನ ಮಾತುಕತೆ ಕಾಣುವುದಿಲ್ಲ. ಅದೇ ಪುಟದಲ್ಲಿ ಬೇರೆಯವರನ್ನು ಸೇರಿಸುವ ಅಧಿಕಾರ ಎಲ್ಲ ಸದಸ್ಯರಿಗೂ ಇದ್ದರೆ, ಅದನ್ನು ಅಡ್ಮಿನ್‌ಗಳಿಗೆ ಮಾತ್ರ ಬಿಡಿ.

ಆಮೇಲೆ ಲಿಂಕ್. ಗ್ರೂಪ್ ಮಾಹಿತಿಯ ಪುಟಕ್ಕೆ ವಾಪಸ್ ಬಂದು Invite via link ಒತ್ತಿ, ಅಲ್ಲಿ Reset link ಆರಿಸಿ. ಹಳೇ ಲಿಂಕ್ ಆ ಕ್ಷಣಕ್ಕೇ ಸತ್ತುಹೋಗುತ್ತದೆ, ಹೊಸದೊಂದು ಹುಟ್ಟುತ್ತದೆ. ಕ್ಯೂಆರ್ ಕೋಡ್ ಒಳಗಿರುವುದೂ ಅದೇ ಲಿಂಕ್. ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರೆ ಆ ಹಾಳೆಯೂ ಇನ್ನು ಕೆಲಸಕ್ಕೆ ಬಾರದು, ಕಿತ್ತು ಹಾಕಿ. ಲಿಂಕ್ ಸರಿಯಾಗಿ ಸತ್ತಿದೆಯಾ ಅಂತ ನೋಡಬೇಕಾ? ಗ್ರೂಪಿನಲ್ಲಿ ಇಲ್ಲದ ಒಬ್ಬ ಗೆಳೆಯರ ಫೋನಿನಲ್ಲಿ ಹಳೇ ಲಿಂಕ್ ಒತ್ತಿಸಿ. ಗ್ರೂಪಿನ ಹೆಸರು, ಸೇರುವ ಬಟನ್ ಬಂದರೆ ಏನೋ ತಪ್ಪಿದೆ ಅಂತ ಅರ್ಥ.

ರೀಸೆಟ್ ಮಾಡಿದ ಮಾತ್ರಕ್ಕೆ ಈಗಾಗಲೇ ಒಳಗೆ ಬಂದವರು ಹೊರಗೆ ಹೋಗುವುದಿಲ್ಲ. ಈಗ ಸದಸ್ಯರ ಪಟ್ಟಿ ಹಿಡಿದು ಕೂರಿ. ಪಕ್ಕದಲ್ಲಿ ಸಂಘದ ಮನೆ ನಂಬರ್‌ಗಳ ಪುಸ್ತಕ ಇರಲಿ. ಪ್ರತಿ ಫೋನ್ ನಂಬರಿನ ಮುಂದೆ ಒಂದು ಮನೆ ಬರೆಯಿರಿ. ಮನೆ ಸಿಗದವರನ್ನು ತಕ್ಷಣ ತೆಗೆಯಬೇಡಿ. ಊರಿನಲ್ಲಿರುವ ಮಾಲೀಕರೋ, ನಂಬರ್ ಬದಲಿಸಿದ ಅಜ್ಜನೋ ಇರಬಹುದು. ಒಂದು ಫೋನ್ ಮಾಡಿ ಕೇಳಿ. ಜಾಹೀರಾತು ಹಾಕಿದ ಆ ಮೂವರ ವಿಷಯದಲ್ಲಿ ಮಾತ್ರ ಕಾಯುವುದು ಬೇಡ. ಮೆಸೇಜನ್ನು ಎಲ್ಲರಿಗೂ ಕಾಣದಂತೆ ಅಳಿಸಿ, ರಿಪೋರ್ಟ್ ಮಾಡಿ, ಹೊರಗೆ ಹಾಕಿ.

ಇಲ್ಲಿ ಸರಿಮಾಡಲಾಗದ ಒಂದು ವಿಷಯ ಇದೆ. ಒಳಗಿದ್ದಷ್ಟು ಹೊತ್ತು ಅವರಿಗೆ 90 ಜನರ ಫೋನ್ ನಂಬರ್ ಸಿಕ್ಕಿದೆ. ಅದನ್ನು ವಾಪಸ್ ಪಡೆಯಲು ಆಗುವುದಿಲ್ಲ. ಮುಚ್ಚಿಡದೆ ಗ್ರೂಪಿನಲ್ಲಿ ಹೇಳಿಬಿಡಿ: ‘ಅಪರಿಚಿತರು ನಮ್ಮ ನಂಬರ್‌ಗಳನ್ನು ನೋಡಿದ್ದಾರೆ. ಮೇಂಟೆನೆನ್ಸ್ ಕಟ್ಟಿ ಅಂತ ಹೊಸ ನಂಬರ್‌ನಿಂದ ಯಾರಾದರೂ ಕೇಳಿದರೆ ಆಫೀಸಿಗೆ ಬಂದು ವಿಚಾರಿಸಿ, ಆಮೇಲೆ ಕೊಡಿ.’ ವಯಸ್ಸಾದವರಿಗೆ ಇದನ್ನು ಬಾಯಿಮಾತಿನಲ್ಲೂ ತಿಳಿಸುವುದು ಒಳ್ಳೆಯದು.

ಇನ್ನು ದಿನದಿನ ಬರುವ ಮನವಿಗಳು. ಮನವಿ ಹಾಕಿದವರ ನಂಬರ್, ಅವರು ಇಟ್ಟುಕೊಂಡ ಹೆಸರು, ಫೋಟೊ ನೋಡಿ ಒಪ್ಪಿಬಿಡುವುದು ಸುಲಭ. ಆದರೆ ಹೆಸರು, ಫೋಟೊ ಎರಡನ್ನೂ ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಲ್ವಾ? ‘302ರ ಬಾಡಿಗೆದಾರ’ ಅಂತ ಹೇಳಿಕೊಂಡರೆ, ಅವರನ್ನೇ ಕೇಳಬೇಡಿ. 302ರ ಮಾಲೀಕರಿಗೆ ನಿಮ್ಮ ಬಳಿ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ, ಬಾಡಿಗೆದಾರರ ನಂಬರ್ ಅವರ ಬಾಯಿಂದಲೇ ಹೇಳಿಸಿ, ಮನವಿಯ ನಂಬರ್ ಜೊತೆ ತಾಳೆ ನೋಡಿ. ಅಡ್ಮಿನ್‌ಗಳು ಇಬ್ಬರು ಮೂವರು ಇದ್ದರೆ ಎಲ್ಲರೂ ಇದೇ ರೀತಿ ನೋಡಲಿ. ಒಬ್ಬರು ಸುಮ್ನೆ ಒಪ್ಪಿಗೆ ಒತ್ತಿದರೂ ಸಾಕು, ಮನವಿ ಹಾಕಿದವರು ಒಳಗೆ ಬಂದುಬಿಡುತ್ತಾರೆ.

ತಪಾಸಣೆಯಲ್ಲಿ ಯಾರನ್ನಾದರೂ ತಪ್ಪಿ ತೆಗೆದಿದ್ದರೆ ಅವರಿಗೆ ಹೊಸ ಲಿಂಕ್ ಕಳಿಸಿ ಪ್ರಯೋಜನ ಇಲ್ಲ. ಅಡ್ಮಿನ್ ತೆಗೆದ ನಂಬರಿಗೆ ಲಿಂಕ್ ಮೂಲಕ ಸೇರಲು ವಾಟ್ಸ್ಯಾಪ್ ಬಿಡುವುದಿಲ್ಲ. ಒಂದು ಕ್ಷಮೆ ಕೇಳಿ, Add members ಒತ್ತಿ ನೀವೇ ಸೇರಿಸಿ.