ಚಾರ್ಜರ್ ಹೊಗೆಯಾಡಿದರೆ ಮೊದಲು ಸ್ವಿಚ್, ಆಮೇಲೆ ಪ್ಲಗ್

ಹೊಗೆ ಕಂಡ ತಕ್ಷಣ ಕೈ ಹೋಗುವುದು ಚಾರ್ಜರ್ ಕಡೆಗೇ. ಕಿತ್ತು ಬಿಸಾಡಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕರಗಿದ ಪ್ಲಾಸ್ಟಿಕ್ ಬೆರಳಿಗೆ ಅಂಟಿಕೊಂಡು ಚರ್ಮ ಸುಡುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಹೊರಗವಚ ಕರಗಿದಲ್ಲಿ ಕರೆಂಟ್ ಹರಿಯುತ್ತಿರುವ ಲೋಹ ಬಯಲಾಗಿರಬಹುದು. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ. ಸ್ವಿಚ್ ಬೋರ್ಡೇ ಬಿಸಿಯಾಗಿದ್ದರೆ, ಕರಗಿದ್ದರೆ ಅಥವಾ ಹೊಗೆ ಅಲ್ಲಿಂದಲೇ ಬರುತ್ತಿದ್ದರೆ ಅದನ್ನೂ ಮುಟ್ಟದೆ ನೇರವಾಗಿ ಮೇನ್ ಸ್ವಿಚ್ ಅಥವಾ ಎಂಸಿಬಿ ಇಳಿಸಿ.

ಎಂಸಿಬಿ ತಾನಾಗಿಯೇ ಬೀಳುತ್ತದೆಂದು ಕಾಯುತ್ತ ನಿಲ್ಲಬೇಡಿ. ಅದು ಬೀಳುವುದು ಆ ಲೈನಿನ ಮಿತಿ ಮೀರಿ ಕರೆಂಟ್ ಹರಿದಾಗ. ಸಾಕೆಟ್ ಲೈನಿಗೆ ಆ ಮಿತಿ ಸಾಮಾನ್ಯವಾಗಿ 16 ಆಂಪಿಯರ್ ಅಥವಾ ಅದರ ಆಸುಪಾಸು. ಚಾರ್ಜರ್ ಒಂದು ಆಂಪಿಯರನ್ನೂ ಎಳೆಯದೆ ಹೊಗೆಯಾಡುತ್ತ ಇರಬಲ್ಲದು. ಎಂಸಿಬಿಯ ಪಾಲಿಗೆ ಅಲ್ಲಿ ಏನೂ ಆಗಿರುವುದೇ ಇಲ್ಲ.

ಕರೆಂಟ್ ಹೋದ ಮೇಲೆ ಪ್ಲಗ್ ನೋಡಿ. ಆಕಾರ ಕೆಟ್ಟಿಲ್ಲದಿದ್ದರೆ ಸ್ವಲ್ಪ ತಣಿಯಲು ಬಿಟ್ಟು, ಒಣಗಿದ ದಪ್ಪ ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಸಾಕೆಟ್‌ಗೇ ಕರಗಿ ಅಂಟಿದ್ದರೆ ಎಳೆದಾಡಬೇಡಿ. ಆ ಲೈನಿನ ಎಂಸಿಬಿಯನ್ನು ಕೆಳಗೇ ಇಟ್ಟು ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೆಯೇ ಬಿಡಿ.

ಜ್ವಾಲೆ ಎದ್ದಿದ್ದರೆ, ಕರೆಂಟ್ ಹೋಗಿದೆಯೆಂದು ಖಚಿತವಾಗುವವರೆಗೆ ಒಂದು ಹನಿ ನೀರನ್ನೂ ಹಾಕಬೇಡಿ. ಒಣಪುಡಿ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕ ಸಿಲಿಂಡರ್ ಇದ್ದು, ಬೆಂಕಿ ಚಿಕ್ಕದಾಗಿದ್ದು, ಹೊರಹೋಗುವ ಬಾಗಿಲು ನಿಮ್ಮ ಬೆನ್ನ ಹಿಂದಿದ್ದರೆ ಮಾತ್ರ ನಂದಿಸಲು ಹೋಗಿ. ಪರದೆಗೋ ಹಾಸಿಗೆಗೋ ಹತ್ತಿಕೊಂಡಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು, ಕೋಣೆಯ ಬಾಗಿಲು ಮುಚ್ಚಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಅದರೊಳಗೆ ನಿಂತು ಫೋನ್ ಹುಡುಕುವಂಥ ಕೆಲಸ ಬೇಡವೇ ಬೇಡ.

ಫೋನ್ ಊದಿಕೊಂಡಿದ್ದರೆ, ಬುಸುಗುಡುತ್ತಿದ್ದರೆ ಅಥವಾ ಮುಟ್ಟಲಾಗದಷ್ಟು ಕಾದಿದ್ದರೆ ತೊಂದರೆ ಬ್ಯಾಟರಿಗೆ ಹೋಗಿದೆ ಎಂದರ್ಥ. ಅದನ್ನು ಎತ್ತಿಕೊಳ್ಳದೆ ದೂರ ಸರಿಯಿರಿ. ಲಿಥಿಯಂ ಬ್ಯಾಟರಿ ಒಮ್ಮೆ ಆರಿದಂತೆ ಕಂಡು ಗಂಟೆಗಳ ನಂತರ ಮತ್ತೆ ಹತ್ತಿಕೊಳ್ಳಬಹುದು. ಇದೆಲ್ಲ ಹಾಸಿಗೆಯ ಮೇಲೆ ಆಗಿದ್ದರೆ ಹಾಸಿಗೆಯೊಳಗಿನ ಹತ್ತಿಯನ್ನೂ ನಂಬಬೇಡಿ. ಮೇಲೆ ಚಿಕ್ಕ ಕಂದು ಕಲೆ ಮಾತ್ರ ಕಂಡರೂ ಒಳಗೆ ಕಿಡಿ ಹರಿದಾಡುತ್ತಿರಬಹುದು. ಕರೆಂಟ್ ಪೂರ್ತಿ ಹೋಗಿದ್ದರೆ ಆ ಜಾಗವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ. ಕೈ ಸುಟ್ಟಿದ್ದರೆ ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟ್, ಎಣ್ಣೆ ಏನನ್ನೂ ಹಚ್ಚಬೇಡಿ.

ಸುಟ್ಟಿದ್ದು ಎಲ್ಲಿ?

ಎಲ್ಲ ತಣ್ಣಗಾದ ಮೇಲೆ ಹೆಚ್ಚಿನವರು ಹೊಸ ಚಾರ್ಜರ್ ತಂದು ಅದೇ ಜಾಗಕ್ಕೆ ಸಿಕ್ಕಿಸುತ್ತಾರೆ. ಇಲ್ಲಿಯೇ ಎಡವುವುದು. ಸುಟ್ಟ ಜಾಗ ಮೂರರಲ್ಲಿ ಒಂದಾಗಿರುತ್ತದೆ: ಗೋಡೆಯ ಸಾಕೆಟ್, ನಡುವಿನ ಅಡಾಪ್ಟರ್, ಫೋನಿಗೆ ಸಿಕ್ಕಿಸುವ ಕೇಬಲ್ ತುದಿ. ಒಂದೊಂದಕ್ಕೂ ಕಾರಣ ಬೇರೆ.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಒಂದು ರಾತ್ರಿ ಮಗಳು ಬಂದು, "ಅಪ್ಪಾ, ನನ್ನ ರೂಮಲ್ಲಿ ಏನೋ ಸುಟ್ಟ ವಾಸನೆ" ಎಂದಳು. ಸ್ವಿಚ್ ಆಫ್ ಮಾಡಿ ನೋಡಿದರೆ ಸಾಕೆಟ್ ತಣ್ಣಗಿತ್ತು, ಅಡಾಪ್ಟರ್ ಎಂದಿನಂತೆ ಬೆಚ್ಚಗಿತ್ತು. ಕೇಬಲ್ ತುದಿಯ ಬಿಳಿ ಪ್ಲಾಸ್ಟಿಕ್ ಮಾತ್ರ ಒಂದು ಬದಿಗೆ ಗುಳ್ಳೆಯೆದ್ದು ಕಂದಾಗಿತ್ತು. ಫೋನಿನ ತೂತಿಗೆ ಟಾರ್ಚ್ ಬಿಟ್ಟಾಗ ತಳದಲ್ಲಿ ಜೇಬಿನ ನೂಲಿನ ಕಸ ಒತ್ತಿ ಒತ್ತಿ ಗಟ್ಟಿಯಾಗಿ ಕೂತಿದ್ದು ಕಂಡಿತು. ಪಕ್ಕದ ಒಂದು ಕಾಂಟ್ಯಾಕ್ಟ್ ಮಸಿ ಬಳಿದಂತೆ ಕಪ್ಪಗಿತ್ತು.

20 ವ್ಯಾಟ್‌ನ ಚಾರ್ಜರ್ ಗೋಡೆಯ ಕಡೆಯಿಂದ, 230 ವೋಲ್ಟ್‌ನಲ್ಲಿ, ಸುಮಾರು 0.1 ಆಂಪಿಯರ್ ಮಾತ್ರ ಎಳೆಯುತ್ತದೆ. ಫೋನಿನ ಕಡೆ ವೋಲ್ಟೇಜ್ ಕಡಿಮೆ, ಆದ್ದರಿಂದ ಕರೆಂಟ್ ಹೆಚ್ಚು. 5 ವೋಲ್ಟ್ ಆದರೆ 3 ಆಂಪಿಯರ್‌ವರೆಗೂ ಹರಿಯುತ್ತದೆ. ಅಷ್ಟೂ ಹಾದುಹೋಗುವುದು ಕೂದಲಿಗಿಂತ ಕೊಂಚ ದಪ್ಪದ ಕೆಲವೇ ಕಾಂಟ್ಯಾಕ್ಟ್‌ಗಳ ಮೂಲಕ. ಬೆವರಿನ ಉಪ್ಪು ಹಿಡಿದ ಒದ್ದೆ ಕಸ ಅವುಗಳ ನಡುವೆ ಸೇತುವೆ ಕಟ್ಟಿದರೆ ಒಂದು ಆಂಪಿಯರ್ ಅಲ್ಲೇ ಸೋರಬಹುದು. ಅದು 5 ವ್ಯಾಟ್ ಶಾಖ, ಅದೂ ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಫೋನೇ ಎಳೆಯುತ್ತಿದೆ ಎಂದುಕೊಂಡು ಚಾರ್ಜರ್ ಕೊಡುತ್ತಲೇ ಇರುತ್ತದೆ.

ಹಾಗಾಗಿ ತುದಿ ಸುಟ್ಟಿದ್ದರೆ ಕೇಬಲ್ ಬದಲಿಸಿದರೆ ಸಾಲದು. ಫೋನಿನ ಕಪ್ಪಾದ ಪೋರ್ಟ್‌ಗೆ ಹೊಸ ಕೇಬಲ್ ಹಾಕಿದರೆ ಅದೂ ಸುಡಬಹುದು. ರಿಪೇರಿಯವರಿಗೆ ತೋರಿಸುವವರೆಗೆ ಆ ಫೋನ್ ಚಾರ್ಜಿಗೆ ಹಾಕಬೇಡಿ.

ಸಾಕೆಟ್ ಸುಟ್ಟಿದ್ದರೆ ಕಥೆ ತಿರುಗಾಮುರುಗಾ. 0.1 ಆಂಪಿಯರ್ ಎಳೆಯುವ ಫೋನ್ ಚಾರ್ಜರ್ ತಾನಾಗಿ ಸಾಕೆಟ್ ಕಾಯಿಸುವುದು ಅಪರೂಪ. ಅದೇ ಸಾಕೆಟ್‌ನಲ್ಲಿ ಇಸ್ತ್ರಿಪೆಟ್ಟಿಗೆಯೋ ಹೀಟರೋ ಓಡಿರುತ್ತದೆ. 2000 ವ್ಯಾಟ್‌ಗೆ ಸುಮಾರು 9 ಆಂಪಿಯರ್. ಆ ಬಿಸಿಗೆ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗುತ್ತದೆ. ಆಮೇಲೆ ಯಾವ ಪ್ಲಗ್ ಹಾಕಿದರೂ ಅಲ್ಲಾಡುತ್ತದೆ, ಚಟಚಟ ಕಿಡಿ ಹಾರುತ್ತದೆ. ತೂತಿನ ಸುತ್ತ ಕಂದು ಬಣ್ಣ, ಕೊಳೆತ ಮೀನಿನಂಥ ವಾಸನೆ ಇವು ಅದರ ಗುರುತು. ಬದಲಿಸಬೇಕಾದದ್ದು ಸಾಕೆಟ್.

ಅಡಾಪ್ಟರ್ ಒಳಗಿಂದಲೇ ಹೊಗೆ ಬಂದಿದ್ದರೆ, ಆಮೇಲೆ ಅದು ಚೆನ್ನಾಗಿ ಕೆಲಸ ಮಾಡಿದರೂ ಮತ್ತೆ ಬಳಸಬೇಡಿ. ಮನೆಯ ಕರೆಂಟನ್ನೂ ನಿಮ್ಮ ಕೈಯಲ್ಲಿರುವ ಕೇಬಲನ್ನೂ ಬೇರೆಯಾಗಿಡುವ ತಡೆ ಇರುವುದು ಅದರೊಳಗೆ. ಆ ತಡೆ ಸುಟ್ಟಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಅಗ್ಗದ ನಕಲಿ ಚಾರ್ಜರ್‌ಗಳಲ್ಲಿ ಈ ತಡೆ ಹೆಚ್ಚಾಗಿ ಮೊದಲೇ ದುರ್ಬಲವಾಗಿರುತ್ತದೆ, ನನಗೆ ಅವುಗಳ ಬಗ್ಗೆ ಭಯವಿರುವುದು ಇದಕ್ಕೇ.

ಮತ್ತೆ ಆಗದಂತೆ

ತಿಂಗಳಿಗೊಮ್ಮೆ ಫೋನಿನ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಕೇಬಲ್ ಪೂರ್ತಿ ಒಳಗೆ ಕೂರದೆ ಕೂದಲೆಳೆಯಷ್ಟು ಹೊರಗುಳಿಯುತ್ತಿದ್ದರೆ ತಳದಲ್ಲಿ ಕಸವಿದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಪಿನ್ನು, ಸೂಜಿ ಬೇಡ. ತೇವವಿದೆ ಎಂದು ಫೋನ್ ಎಚ್ಚರಿಸಿದರೆ ಒಣಗುವವರೆಗೆ ಕಾಯಿರಿ.

ಚಾರ್ಜಿಗಿಟ್ಟು ಅರ್ಧ ಗಂಟೆಯಾದ ಮೇಲೆ ಅಡಾಪ್ಟರ್ ಮತ್ತು ಕೇಬಲ್ ತುದಿ ಎರಡನ್ನೂ ಒಮ್ಮೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಹತ್ತು ಸೆಕೆಂಡು ಹಿಡಿಯಲಾಗದಷ್ಟು ಬಿಸಿಯಿದ್ದರೆ ಅಂದೇ ನಿಲ್ಲಿಸಿ. ಕೇಬಲ್ ತುದಿ ಅಡಾಪ್ಟರ್‌ಗಿಂತ ಹೆಚ್ಚು ಕಾದಿದ್ದರೆ ತೊಂದರೆ ಅಲ್ಲೇ ಇದೆ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಚಾರ್ಜಿಗಿಡುವುದು ಬೇಡ, ಅಲ್ಲಿ ಶಾಖ ಹೋಗಲು ದಾರಿಯಿಲ್ಲ, ಹತ್ತಿಕೊಳ್ಳಲು ಬಟ್ಟೆ ಸಿದ್ಧವಿದೆ.

ಮಗಳ ಫೋನಿಗೆ ಕೊನೆಗೆ ಪೋರ್ಟ್ ಬದಲಿಸಬೇಕಾಯಿತು. ಸುಟ್ಟ ಕೇಬಲನ್ನು ಮನೆಯಲ್ಲಿ ಬೇರೆ ಯಾರೂ ಎತ್ತಿ ಬಳಸದಂತೆ ಎರಡು ತುಂಡು ಮಾಡಿ ಇ-ತ್ಯಾಜ್ಯಕ್ಕೆ ಹಾಕಿದೆ. ಅಡಾಪ್ಟರ್ ಮಾತ್ರ ಅದೇ ಇದೆ, ಅದರದ್ದೇನೂ ತಪ್ಪಿರಲಿಲ್ಲ.