ಲಾಭ ಹೆಚ್ಚಾದರೂ ದುಡ್ಡಿನ ದುಡಿಮೆ ಇಳಿದದ್ದು ಯಾಕೆ?

ಬ್ಯಾಡಗಿ ಕಡೆ ಮೆಣಸಿನಕಾಯಿ ವ್ಯಾಪಾರ ಮಾಡೋ ಎಲ್ಲರಿಗೂ ನಮಸ್ಕಾರ. ನಮ್ಮ ಖಾರದಪುಡಿ ಘಟಕದ ಲೆಕ್ಕವನ್ನೇ ಇಲ್ಲಿ ಇಡ್ತೀನಿ.

ಹೋದ ವರ್ಷ ಮಾರಾಟ 2 ಕೋಟಿ, ಬಡ್ಡಿ-ತೆರಿಗೆ ಕಳೆಯೋ ಮುಂಚಿನ ಲಾಭ 16 ಲಕ್ಷ, ತೊಡಗಿಸಿದ ಬಂಡವಾಳ 80 ಲಕ್ಷ. ಅಂದರೆ ಬಂಡವಾಳದ ಮೇಲೆ ಶೇ 20. ಈ ವರ್ಷ ಮಾರಾಟ 2.10 ಕೋಟಿ, ಲಾಭ 16.8 ಲಕ್ಷ. ಖುಷಿಪಟ್ಟಿದ್ದೆವು. ಆದರೆ ಬಂಡವಾಳ 1.20 ಕೋಟಿ ಆಗಿತ್ತು, ಪ್ರಮಾಣ ಶೇ 14ಕ್ಕೆ ಇಳಿದಿತ್ತು.

ಕಾರಣ ತಿಳಿಯೋಕೆ ಎರಡು ಭಾಗ ಮಾಡಿ. ಲಾಭವನ್ನು ಮಾರಾಟದಿಂದ ಭಾಗಿಸಿದರೆ ಎರಡೂ ವರ್ಷ ಶೇ 8. ಅಲ್ಲಿಗೆ ದರದಲ್ಲಾಗಲಿ ಖರ್ಚಿನಲ್ಲಾಗಲಿ ತಪ್ಪಿಲ್ಲ. ಮಾರಾಟವನ್ನು ಬಂಡವಾಳದಿಂದ ಭಾಗಿಸಿದರೆ 2.5 ಇದ್ದದ್ದು 1.75. ದುಡ್ಡು ತಿರುಗೋದು ನಿಧಾನವಾಗಿದೆ! ಹುಡುಕಿದರೆ, ದರ ಏರುತ್ತೆ ಅಂತ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಚೀಲಗಳೇ 40 ಲಕ್ಷದ್ದು.

ಬಂಡವಾಳ ಅಂದರೆ ಸ್ವಂತ ದುಡ್ಡಷ್ಟೇ ಅಲ್ಲ, ಬ್ಯಾಂಕಿನ ಸಿಸಿ ಸಾಲವನ್ನೂ ಸೇರಿಸಿ. ಅದನ್ನು ಬಿಟ್ಟರೆ ಪ್ರಮಾಣ ಸುಳ್ಳೇ ಚೆನ್ನಾಗಿ ಕಾಣುತ್ತೆ. ಇನ್ನೊಂದು, ಮಾರ್ಚ್ 31ಕ್ಕೆ ಹಂಗಾಮಿನ ಮಾಲು ಗೋದಾಮಿನಲ್ಲಿ ತುಂಬಿರುತ್ತೆ. ಅದಕ್ಕೇ ಆ ಒಂದು ದಿನದ ಬದಲು ನಾಲ್ಕೂ ತ್ರೈಮಾಸಿಕದ ಕೊನೆಯ ಬಂಡವಾಳದ ಸರಾಸರಿ ಹಿಡೀರಿ.